ಲಕ್ಷ ವ್ಯೂಸ್ ಬಂತು, ಕೆರೆಗೆ ಬಂದವರು ಮೂರೇ ಜನ

ನಮ್ಮ ಬಡಾವಣೆಯ ಕೆರೆ ಉಳಿಸುವ ಗುಂಪು ಯೂಟ್ಯೂಬ್ ಚಾನೆಲ್ ಶುರು ಮಾಡಿದಾಗ ಜವಾಬ್ದಾರಿ ನನ್ನ ತಲೆಗೆ ಬಂತು. "ಇಂಜಿನಿಯರಿಂಗ್ ಓದಿದ್ದೀಯ, ಈಗ ಮೀಡಿಯಾದಲ್ಲಿದ್ದೀಯ, ಇನ್ಯಾರು ಮಾಡ್ತಾರೆ?" ಅಂದರು ಗುಂಪಿನ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು. ಒಳಚರಂಡಿ ನೀರು ಕೆರೆಗೆ ಸುರಿಯೋದನ್ನು ಫೋನಿನಲ್ಲಿ ಹಿಡಿದು, 40 ಸೆಕೆಂಡಿನ ಶಾರ್ಟ್ಸ್ ಹಾಕಿದೆ. ಹತ್ತು ದಿನದಲ್ಲಿ ಲಕ್ಷ ವ್ಯೂಸ್ ದಾಟಿತು. ಆ ಭಾನುವಾರ ಹೊಸದಾಗಿ ಕೆರೆಗೆ ಬಂದವರು ಮೂರು ಜನ. ದೇಣಿಗೆ ಸೊನ್ನೆ.

ಜನರಿಗೆ ಕಾಳಜಿ ಇಲ್ಲ ಅಂತ ಬೈಕೊಂಡೆ. ತಪ್ಪು ನನ್ನದೇ ಆಗಿತ್ತು. ಶಾರ್ಟ್ಸ್‌ನ ವಿವರಣೆಯಲ್ಲಿ, ಕಾಮೆಂಟಿನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯೋದಿಲ್ಲ. ಸ್ಪ್ಯಾಮ್ ತಡೆಯೋಕೆ ಯೂಟ್ಯೂಬ್ 2023ರ ಆಗಸ್ಟ್ ಕೊನೆಯಿಂದ ಅದನ್ನು ನಿಲ್ಲಿಸಿದೆ. ನಾನು ಹಾಕಿದ್ದ ನೋಂದಣಿ ಫಾರ್ಮಿನ ಲಿಂಕ್ ಅಷ್ಟೂ ದಿನ ಬರೀ ಅಕ್ಷರವಾಗಿ ಕೂತಿತ್ತು.

ದಾರಿ ಇದೆ. ಮೊದಲು ಅದೇ ವಿಷಯದ ಮೇಲೆ ನಾಲ್ಕೈದು ನಿಮಿಷದ ಮಾಮೂಲಿ ವಿಡಿಯೋ ಹಾಕಿ, ಅದರ ವಿವರಣೆಯ ಮೊದಲ ಸಾಲಿನಲ್ಲೇ ಲಿಂಕ್ ಕೊಡಬೇಕು. ಎರಡನೇ ಸಾಲಿಗೆ ಹೋದರೆ 'ಇನ್ನಷ್ಟು' ಒತ್ತುವವರಿಗೆ ಮಾತ್ರ ಕಾಣಬಹುದು. ಆಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಶಾರ್ಟ್ಸ್‌ಗೆ ಆ ವಿಡಿಯೋವನ್ನು 'ಸಂಬಂಧಿತ ವಿಡಿಯೋ' ಅಂತ ಜೋಡಿಸಬೇಕು. ಅಲ್ಲಿಂದ ಒಂದೇ ಒತ್ತಿಗೆ ಅಲ್ಲಿಗೆ ಹೋಗಬಹುದು. ಹೊಸ ಚಾನೆಲ್ ಆದರೆ ಒಂದು ಎಚ್ಚರಿಕೆ: ಸೆಟ್ಟಿಂಗ್ಸ್‌ನಲ್ಲಿ ಗುರುತು ಖಚಿತಪಡಿಸಿ ಸುಧಾರಿತ ಸೌಲಭ್ಯ ಪಡೆಯುವ ತನಕ ಮಾಮೂಲಿ ವಿಡಿಯೋದ ಹೊರಗಿನ ಲಿಂಕ್ ಕೂಡ ತೆರೆಯದೆ ಇರಬಹುದು. ಹಾಕಿದ ಮೇಲೆ ಬೇರೆಯವರ ಫೋನಿನಿಂದ ಒತ್ತಿ ನೋಡೋದು ಒಳ್ಳೆಯದು.

ಎರಡನೇ ತಪ್ಪು ಕೇಳಿದ ರೀತಿ. "ನಮ್ಮ ಜೊತೆ ಕೈಜೋಡಿಸಿ" ಅಂತ ವಿಡಿಯೋದ ಕೊನೆಗೆ ಹೇಳ್ತಿದ್ದೆ. ಅನಾಲಿಟಿಕ್ಸ್‌ನಲ್ಲಿ ಜನ ಯಾವ ಸೆಕೆಂಡಿಗೆ ಎದ್ದು ಹೋದರು ಅನ್ನುವ ಗೆರೆ ಇರುತ್ತದೆ. ಕೊನೆಗೆ ಬರುವಷ್ಟರಲ್ಲಿ ನಮ್ಮ ಗೆರೆ ನೆಲ ಕಚ್ಚಿತ್ತು. ಈಗ ಮೊದಲ ಒಂದು ನಿಮಿಷದೊಳಗೆ ಒಂದೇ ಮಾತು ಕೇಳ್ತೀವಿ: "ಭಾನುವಾರ ಬೆಳಿಗ್ಗೆ ಆರೂವರೆಗೆ ಉತ್ತರದ ಗೇಟಿಗೆ ಬನ್ನಿ. ಎರಡು ಗಂಟೆ ಕೆಲಸ, ಗ್ಲೌಸ್ ನಾವೇ ಕೊಡ್ತೀವಿ." ಅದೇ ವಿಡಿಯೋದಲ್ಲಿ ದುಡ್ಡು ಕೇಳೋದಿಲ್ಲ. ಮುಂದಿನ ಭಾನುವಾರ ಹದಿನೇಳು ಜನ ಬಂದರು.

ನಿಜವಾದ ಪೇಚು ದುಡ್ಡಿನದು. ಆರಂಭದಲ್ಲಿ ಕಾರ್ಯದರ್ಶಿಗಳ ಸ್ವಂತ ಯುಪಿಐ ಕ್ಯೂಆರ್ ತೋರಿಸ್ತಿದ್ವಿ. ಅವರ ಪಿಂಚಣಿಯೂ ನಮ್ಮ ದೇಣಿಗೆಯೂ ಒಂದೇ ಪಾಸ್‌ಬುಕ್ಕಿನಲ್ಲಿ. ಕಾಮೆಂಟಿನಲ್ಲಿ ಒಬ್ಬ ಹುಡುಗ "ಲೆಕ್ಕ ಎಲ್ಲಿ ಸಾರ್?" ಅಂತ ಕೇಳಿದಾಗ ಮೇಷ್ಟ್ರು ಎರಡು ವಾರ ಸಭೆಗೇ ಬರಲಿಲ್ಲ. ಅವರು ಒಂದು ಪೈಸೆ ಮುಟ್ಟಿರಲಿಲ್ಲ. ಆದರೆ ಅದನ್ನು ತೋರಿಸುವ ದಾರಿಯನ್ನು ನಾವು ಅವರಿಗೆ ಬಿಟ್ಟಿರಲಿಲ್ಲ.

ನಮ್ಮದು ನೋಂದಾಯಿತ ಸಂಘ. ಹಾಗಾಗಿ ಸಂಘದ ಹೆಸರಿನಲ್ಲೇ ಖಾತೆ ತೆರೆದು, ಇಬ್ಬರ ಸಹಿ ಕಡ್ಡಾಯ ಮಾಡಿದೆವು. ಕ್ಯೂಆರ್ ಜೊತೆ ಒಂದು ಸಣ್ಣ ಫಾರ್ಮ್ ಇಟ್ಟೆವು: ಹೆಸರು, ವಿಳಾಸ, ಪ್ಯಾನ್. ಯುಪಿಐನಲ್ಲಿ ಬರೀ ದುಡ್ಡು ಬರುತ್ತದೆ, ಪ್ಯಾನ್ ಬರೋದಿಲ್ಲ. 80ಜಿ ಅನುಮೋದನೆ ಇರುವ ಸಂಸ್ಥೆಗೂ ಪ್ಯಾನ್ ಇಲ್ಲದೆ ದಾನಿಗೆ ತೆರಿಗೆ ರಿಯಾಯಿತಿಯ ಪ್ರಮಾಣಪತ್ರ ಕೊಡಿಸೋದು ಕಷ್ಟ. ಆ ಅನುಮೋದನೆ ಇಲ್ಲದ ಗುಂಪು ರಿಯಾಯಿತಿ ಸಿಗುತ್ತೆ ಅಂತ ವಿಡಿಯೋದಲ್ಲಿ ಹೇಳಲೇಬಾರದು.

ಫಾರ್ಮಿನಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ನಿಮ್ಮದು ಯಾವ ದೇಶದ ಪಾಸ್‌ಪೋರ್ಟ್? ಚಾನೆಲ್‌ಗೆ ಗಡಿ ಇಲ್ಲ, ಕಾನೂನಿಗೆ ಇದೆ. ಬಡಾವಣೆಯಲ್ಲೇ ಬೆಳೆದು ಅಮೆರಿಕದ ಪೌರತ್ವ ಪಡೆದ ಗೆಳೆಯ ವಿಡಿಯೋ ನೋಡಿ, ಇಲ್ಲಿನ ತನ್ನ ಖಾತೆಯಿಂದಲೇ ಇಪ್ಪತ್ತು ಸಾವಿರ ಕಳಿಸಲು ಹೊರಟಿದ್ದ. ಬೇಡ ಅಂದೆವು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ನೋಡೋದು ಕೊಡುವವರ ಪೌರತ್ವವನ್ನು. ರೂಪಾಯಿಯಲ್ಲಿ ಕೊಟ್ಟರೂ, ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದರೆ ದುಬೈನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ಕನ್ನಡಿಗ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗೋದಿಲ್ಲ. ಸರ್ಕಾರವನ್ನು ಪ್ರಶ್ನೆ ಮಾಡುವ ಗುಂಪುಗಳಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಒಳಚರಂಡಿ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದವರು ನಿಮ್ಮ ಪಾಸ್‌ಬುಕ್ ತೆರೆಸಬಹುದು.

ಈಗ ತಿಂಗಳ ಮೊದಲ ವಾರ ಮೇಷ್ಟ್ರೇ ಕ್ಯಾಮೆರಾ ಮುಂದೆ ಕೂರುತ್ತಾರೆ. ಬಂದದ್ದೆಷ್ಟು, ಗ್ಲೌಸಿಗೆಷ್ಟು, ಕಸದ ಗಾಡಿಗೆಷ್ಟು ಅಂತ ರಸೀದಿ ಹಿಡಿದು ಓದುತ್ತಾರೆ. ಆ ವಿಡಿಯೋಗೆ ಇನ್ನೂರು ವ್ಯೂಸ್ ದಾಟೋದಿಲ್ಲ. ತಿಂಗಳು ತಿಂಗಳು ತಪ್ಪದೆ ದೇಣಿಗೆ ಕೊಡುವವರಲ್ಲಿ ಹೆಚ್ಚಿನವರು ಆ ಇನ್ನೂರರಲ್ಲೇ ಇದ್ದಾರೆ.