ಮೆಸ್ಕಾಲ್‌ಗೆ ಹೊಗೆಯ ರುಚಿ ಎಲ್ಲಿಂದ ಬರುತ್ತದೆ?

ಮೆಸ್ಕಾಲ್ ಮತ್ತು ಟಕೀಲಾ ಎರಡೂ ಮೆಕ್ಸಿಕೊದ ಮದ್ಯಗಳು, ಎರಡಕ್ಕೂ ಮೂಲ ಅಗಾವೆ ಗಿಡ. ಕರ್ನಾಟಕದ ಹೊಲಗಳ ಬೇಲಿಯಲ್ಲಿ ಬೆಳೆಯುವ ಕತ್ತಾಳೆಯೂ ಇದೇ ಕುಲದ್ದು. ಎಲೆಗಳನ್ನು ಕಡಿದು ತೆಗೆದಾಗ ಉಳಿಯುವ ದಪ್ಪನೆಯ ನಡುಭಾಗಕ್ಕೆ ಅಲ್ಲಿ ‘ಪಿನ್ಯಾ’ ಎನ್ನುತ್ತಾರೆ. ಹಸಿ ಪಿನ್ಯಾದಲ್ಲಿರುವ ಫ್ರಕ್ಟಾನ್ ಎಂಬ ಪಿಷ್ಟದಂಥ ವಸ್ತು ಯೀಸ್ಟಿಗೆ ಸುಲಭವಾಗಿ ದಕ್ಕುವುದಿಲ್ಲ. ಬೇಯಿಸಿದರೆ ಅದು ಒಡೆದು ಸಕ್ಕರೆಯಾಗುತ್ತದೆ. ಬೇಯಿಸುವ ಈ ಹಂತದಲ್ಲೇ ಎರಡು ಮದ್ಯಗಳ ದಾರಿ ಬೇರೆಯಾಗುತ್ತದೆ.

ಟಕೀಲಾಕ್ಕೆ ಬಳಸುವ ನೀಲಿ ಅಗಾವೆ ಇಟ್ಟಿಗೆಯ ಒಲೆಯಲ್ಲೋ ಉಕ್ಕಿನ ಆಟೋಕ್ಲೇವಿನಲ್ಲೋ ಹಬೆಯಿಂದ ಬೇಯುತ್ತದೆ. ಹಬೆಯಲ್ಲಿ ಹೊಗೆ ಇರುವುದಿಲ್ಲ. ಓಹಾಕಾ ರಾಜ್ಯದ ಸಾಂತಿಯಾಗೊ ಮತತ್ಲಾನ್‌ನಂಥ ಊರುಗಳಲ್ಲಿ ಮೆಸ್ಕಾಲ್ ಮಾಡುವವರು ನೆಲದಲ್ಲಿ ಆಲಿಕೆಯಾಕಾರದ ಗುಂಡಿ ತೋಡಿ, ಸೌದೆಗೆ ಬೆಂಕಿ ಹಾಕಿ, ಮೇಲೆ ಕಲ್ಲುಗಳನ್ನು ಒಟ್ಟುತ್ತಾರೆ. ಕಲ್ಲುಗಳು ಗಂಟೆಗಟ್ಟಲೆ ಕಾದು ಕೆಂಪಾದ ಮೇಲೆ ಅಗಾವೆಯ ಒದ್ದೆ ಸಿಪ್ಪೆ ಹರಡಿ, ಸೀಳಿದ ಪಿನ್ಯಾಗಳನ್ನು ರಾಶಿ ಹಾಕಿ, ಚಾಪೆ ಮುಚ್ಚಿ ಮಣ್ಣು ಎಳೆಯುತ್ತಾರೆ. ಗುಂಡಿಯನ್ನು ಮತ್ತೆ ತೆರೆಯುವುದು ಮೂರರಿಂದ ಐದು ದಿನಗಳ ನಂತರ.

ಈ ದಿನಗಳಲ್ಲಿ ಒಳಗಿನ ಹೊಗೆಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಮರದ ಲಿಗ್ನಿನ್ ಬಿಸಿಗೆ ಒಡೆದಾಗ ಗ್ವಾಯಕಾಲ್, ಕ್ರೆಸಾಲ್ ಮುಂತಾದ ಫೀನಾಲ್‌ಗಳು ಹುಟ್ಟುತ್ತವೆ. ಹೊಗೆಯ ವಾಸನೆಯೆಂದರೆ ಬಹುಪಾಲು ಇವುಗಳದೇ. ಪಿನ್ಯಾದ ತೇವಭರಿತ ನಾರು ಇವನ್ನು ಹೀರಿಕೊಳ್ಳುತ್ತದೆ. ಕುಶಲತೆ ಬೇಕಾಗುವುದೂ ಇಲ್ಲೇ. ಸೌದೆ ಇನ್ನೂ ಹೊಗೆಯಾಡುತ್ತಿರುವಾಗಲೇ ಪಿನ್ಯಾ ತುಂಬಿದರೆ ರುಚಿ ಒಗರಾಗಿ ಕಹಿಯಾಗುತ್ತದೆ. ಸಿಪ್ಪೆಯ ಪದರ ತೆಳುವಾದರೆ ಕಲ್ಲಿಗೆ ತಾಗಿದ ಭಾಗ ಸೀದುಹೋಗುತ್ತದೆ. ಚೆನ್ನಾಗಿ ಬೆಂದ ಪಿನ್ಯಾ ಒಳಗಿನವರೆಗೂ ಕಂದಾಗಿ, ಜಗಿದರೆ ಸಿಹಿಯಾಗಿರುತ್ತದೆ. ಬೆಳ್ಳಗೆ ಉಳಿದ ಭಾಗ ಬೆಂದಿಲ್ಲವೆಂದೇ ಅರ್ಥ.

ಮುಂದಿನ ಹಂತಗಳು ಹೊಗೆಯನ್ನು ಹೆಚ್ಚಿಸುವುದಿಲ್ಲ, ಇರುವುದನ್ನು ಉಳಿಸಿಕೊಳ್ಳುತ್ತವೆ. ಟಕೀಲಾದಲ್ಲಿ ಸಾಮಾನ್ಯವಾಗಿ ರಸವನ್ನು ಹಿಂಡಿ ನಾರನ್ನು ಎಸೆಯುತ್ತಾರೆ. ಮೆಸ್ಕಾಲ್‌ನಲ್ಲಿ ಜಜ್ಜಿದ ನಾರೂ ರಸದೊಂದಿಗೆ ಮರದ ತೊಟ್ಟಿಯಲ್ಲಿ ಹುಳಿಯುವುದು ವಾಡಿಕೆ. ಸಕ್ಕರೆಯನ್ನು ತಿನ್ನುವ ಯೀಸ್ಟ್ ಹೊಗೆಯ ಫೀನಾಲ್‌ಗಳನ್ನು ಹೆಚ್ಚುಕಡಿಮೆ ಹಾಗೆಯೇ ಬಿಡುತ್ತದೆ.

ಬಟ್ಟಿ ಇಳಿಸುವಾಗ ಮದ್ಯಸಾರ ಆವಿಯಾಗುವುದು ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ವಾಯಕಾಲ್ ಕುದಿಯುವುದು 205 ಡಿಗ್ರಿಯಲ್ಲಿ. ಹಾಗಿದ್ದರೆ ಅದು ಹಂಡೆಯ ತಳದಲ್ಲೇ ಉಳಿಯಬೇಕಲ್ಲವೆ? ಇಲ್ಲ. ನೀರಿನ ಆವಿ ಅದನ್ನು ಸ್ವಲ್ಪ ಸ್ವಲ್ಪವಾಗಿ ಹೊತ್ತು ತರುತ್ತದೆ. ಮದ್ಯಸಾರ ಕಡಿಮೆಯಾಗಿ ನೀರು ಹೆಚ್ಚಾದಂತೆ, ಅಂದರೆ ಬಟ್ಟಿಯ ಕೊನೆಯ ಭಾಗದಲ್ಲಿ, ಅದು ಹೆಚ್ಚು ಬರುತ್ತದೆ. ಸಾಮಾನ್ಯವಾಗಿ ಎರಡು ಸಲ ಬಟ್ಟಿ ಇಳಿಸುವುದರಿಂದ, ಎರಡನೆಯ ಸಲ ಕೊನೆಯ ಭಾಗವನ್ನು ಎಲ್ಲಿ ಬೇರ್ಪಡಿಸುತ್ತಾರೆ ಎಂಬುದು ಸೀಸೆಯಲ್ಲಿನ ಹೊಗೆಯನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ.

ಮೆಸ್ಕಾಲ್ ಎಂಬ ಹೆಸರಿದ್ದ ಮಾತ್ರಕ್ಕೆ ಹೊಗೆ ಇದ್ದೇ ಇರಬೇಕೆಂದಿಲ್ಲ. ಮೆಕ್ಸಿಕೊದ ನಿಯಮ ಅದನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ‘ಪಾರಂಪರಿಕ’ ವರ್ಗದಲ್ಲಿ ಗುಂಡಿಯೇ ಕಡ್ಡಾಯ. ಆದರೆ ಬರೀ ‘ಮೆಸ್ಕಾಲ್’ ಎಂದು ಬರೆದ ಸೀಸೆಗೆ ಆಟೋಕ್ಲೇವಿನಲ್ಲಿ ಬೇಯಿಸಿದ ಅಗಾವೆಯನ್ನೂ ಬಳಸಬಹುದು. ಅಂಥದ್ದರಲ್ಲಿ ಹೊಗೆಯ ಸುಳಿವೂ ಸಿಗದಿರಬಹುದು.