ಟಾರ್ಗೆಟ್ ಮುಟ್ಟಿದ್ದನ್ನು ಹೇಳುವ ಹದ

‘ಫಲಿತಾಂಶವೇ ಉಸಿರು ಎಂದು ನಂಬಿರುವ ಸೇಲ್ಸ್ ವೃತ್ತಿಪರ. ಶೇ. 140ರಷ್ಟು ಟಾರ್ಗೆಟ್ ಸಾಧನೆ. ಗ್ರಾಹಕರೊಂದಿಗೆ ಗಟ್ಟಿಯಾದ ಬಾಂಧವ್ಯ.’

ಮಾರಾಟದ ಕೆಲಸದಲ್ಲಿರುವವರು ತಮ್ಮ ಬಗ್ಗೆ ಬರೆದುಕೊಳ್ಳುವ ಪರಿಚಯಗಳಲ್ಲಿ ಇಂಥ ಸಾಲುಗಳು ಮೇಲಿಂದ ಮೇಲೆ ಸಿಗುತ್ತವೆ. ಬರೆದವರು ಸುಳ್ಳು ಹೇಳಿರುವುದಿಲ್ಲ. ಆದರೂ ಓದಿದವರಿಗೆ ಯಾರೋ ತೋಳು ಹಿಡಿದು ಅಂಗಡಿಯೊಳಗೆ ಎಳೆದ ಹಾಗಾಗುತ್ತದೆ. ಓದುವವರು ತಾವಾಗಿ ಮಾಡಬೇಕಾದ ತೀರ್ಮಾನವನ್ನು ಬರೆದವರೇ ಮಾಡಿ ಮುಗಿಸಿರುತ್ತಾರೆ. ‘ಗಟ್ಟಿಯಾದ ಬಾಂಧವ್ಯ’ ಎಂಬುದು ತೀರ್ಮಾನ. ಅದನ್ನು ನಂಬಲು ಬೇಕಾದ ಸಂಗತಿ ಮಾತ್ರ ಎಲ್ಲೂ ಇಲ್ಲ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಹುಬ್ಬಳ್ಳಿಯ ಒಬ್ಬ ಡೀಲರ್ ಬಳಿ ಸೇಲ್ಸ್ ಎಂಜಿನಿಯರ್ ಆಗಿರುವವರೊಬ್ಬರಿದ್ದಾರೆ ಎಂದುಕೊಳ್ಳಿ. ಮಾರುವುದು ಏರ್ ಕಂಪ್ರೆಸರ್. ಗೋಕುಲ ರಸ್ತೆಯ ವರ್ಕ್‌ಶಾಪುಗಳು, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು, ಗದಗ ಕಡೆಯ ಒಂದಿಷ್ಟು ಸಣ್ಣ ಘಟಕಗಳು ಅವರ ವ್ಯಾಪ್ತಿ. ಮೇಲಿನ ಮೂರು ವಾಕ್ಯ ಅವರದೇ. ಇನ್ನೊಂದು ಕಂಪನಿಗೆ ಅರ್ಜಿ ಹಾಕಬೇಕಿದೆ, ಪರಿಚಯ ತಿದ್ದಬೇಕಿದೆ.

ಮೊದಲು ಆ 140ನ್ನೇ ಬಿಡಿಸಬೇಕು. ಶೇಕಡಾವಾರು ಹೇಳಿದ ಕೂಡಲೇ ಅನುಭವಿ ಸೇಲ್ಸ್ ಮ್ಯಾನೇಜರ್ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಮೂರು. ಯಾವ ಅವಧಿಗೆ? ಆರ್ಡರ್ ಬಂದದ್ದಕ್ಕೋ, ಬಿಲ್ ಆದದ್ದಕ್ಕೋ, ದುಡ್ಡು ಕೈಸೇರಿದ್ದಕ್ಕೋ? ಒಂದೇ ದೊಡ್ಡ ಆರ್ಡರಿನ ಪಾಲು ಅದರಲ್ಲಿ ಎಷ್ಟು? ನಮ್ಮ ಎಂಜಿನಿಯರ್ ಹಳೆಯ ಶೀಟ್ ತೆಗೆದು ನೋಡಿದರೆ, 140 ಎಂಬುದು 2023ರ ಜನವರಿಯಿಂದ ಮಾರ್ಚ್‌ವರೆಗಿನ ಒಂದು ತ್ರೈಮಾಸಿಕದ್ದು. ಟಾರ್ಗೆಟ್ 45 ಲಕ್ಷ, ಬಿಲ್ಲಿಂಗ್ 63 ಲಕ್ಷ. ಅದರಲ್ಲಿ 24 ಲಕ್ಷ ಒಂದೇ ಸಕ್ಕರೆ ಕಾರ್ಖಾನೆಯ ಆರ್ಡರಿನಿಂದ ಬಂದದ್ದು. ಅದನ್ನು ಪಕ್ಕಕ್ಕಿಟ್ಟರೆ ಉಳಿಯುವುದು 39 ಲಕ್ಷ, ಅಂದರೆ ಟಾರ್ಗೆಟ್‌ನ ಶೇ. 87ರಷ್ಟೂ ಇಲ್ಲ. ಸಂದರ್ಶನದಲ್ಲಿ ಇಷ್ಟು ಹೊರಬಿದ್ದರೆ, ಪರಿಚಯದಲ್ಲಿದ್ದ ಉಳಿದ ಒಳ್ಳೆಯ ಸಂಗತಿಗಳ ಮೇಲೂ ಅನುಮಾನ ಶುರುವಾಗುತ್ತದೆ.

ವರ್ಷಗಳ ಲೆಕ್ಕ ಹಿಡಿದರೆ ಚಿತ್ರ ಬೇರೆ. 2021-22ರಲ್ಲಿ ಶೇ. 90, ನಂತರದ ಮೂರು ವರ್ಷ 110, 105, 104. ಕಣ್ಣು ಕುಕ್ಕುವ ಅಂಕಿ ಒಂದೂ ಇಲ್ಲ. ಆದರೆ ಟಾರ್ಗೆಟ್ ವರ್ಷ ವರ್ಷ ಏರುತ್ತಿರುವಾಗ ಮೂರು ವರ್ಷ ಬಿಡದೆ ಅದನ್ನು ದಾಟುವುದು ಸುಲಭದ ಕೆಲಸವಲ್ಲ ಎಂದು ಈ ವ್ಯಾಪಾರದಲ್ಲಿರುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ‘ಕಳೆದ ನಾಲ್ಕು ಹಣಕಾಸು ವರ್ಷಗಳಲ್ಲಿ ಮೂರರಲ್ಲಿ ಬಿಲ್ಲಿಂಗ್ ಟಾರ್ಗೆಟ್ ದಾಟಿದ್ದೇನೆ’ ಎಂಬ ವಾಕ್ಯ 140ಕ್ಕಿಂತ ಸಣ್ಣದಾಗಿ ಕಾಣಬಹುದು, ಆದರೆ ಎಷ್ಟು ಕೆದಕಿದರೂ ನಿಲ್ಲುತ್ತದೆ. ನನ್ನ ಮಟ್ಟಿಗೆ ಪರಿಚಯದಲ್ಲಿ ಇಡಬೇಕಾದ ಅಂಕಿಗೆ ಇದೊಂದೇ ಪರೀಕ್ಷೆ. ಅದರ ಹಿಂದಿನ ಪ್ರಶ್ನೆಗಳಿಗೆ ಉತ್ತರ ವಾಕ್ಯದೊಳಗೇ ಇರಬೇಕು. ಇಲ್ಲಿ ಅವಧಿ ಇದೆ, ಯಾವ ಲೆಕ್ಕ ಎಂಬುದಿದೆ, ಮುಟ್ಟದ ವರ್ಷವೂ ಮುಚ್ಚಿಹೋಗಿಲ್ಲ.

ಇನ್ನು ಬಾಂಧವ್ಯ. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಬಾಂಧವ್ಯಕ್ಕೆ ಅಂಕಿಯಿಲ್ಲ ಎಂದು ಅವರು ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತಾರೆ. ಕಂಪ್ರೆಸರ್ ವ್ಯಾಪಾರದಲ್ಲಿ ಅಂಕಿ ಕಣ್ಣೆದುರೇ ಇದೆ. ಮಷೀನ್ ಕೊಂಡವರು ವಾರ್ಷಿಕ ಸರ್ವಿಸ್ ಒಪ್ಪಂದ ಮಾಡಿಕೊಳ್ಳುತ್ತಾರೆ, ವರ್ಷ ತುಂಬಿದಾಗ ಅದನ್ನು ಮುಂದುವರಿಸಬಹುದು ಅಥವಾ ಕಡಿಮೆ ದರ ಹೇಳುವ ಹೊರಗಿನ ಮೆಕ್ಯಾನಿಕ್ ಕಡೆ ಹೋಗಬಹುದು. ಮುಂದುವರಿಸಿದವರು ಎಷ್ಟು ಮಂದಿ ಎಂದು ಎಣಿಸಿದರೆ ಸಾಕು.

ಎಣಿಸುವ ಕ್ರಮದಲ್ಲಿ ಮಾತ್ರ ಎಚ್ಚರ ಬೇಕು. ‘ಇವತ್ತು ನನ್ನ ಬಳಿ 50 ಗ್ರಾಹಕರಿದ್ದಾರೆ’ ಎಂದರೆ ಹೊಸಬರು, ಹಳಬರು ಎಲ್ಲ ಕಲೆತುಹೋಗುತ್ತಾರೆ. ಇಪ್ಪತ್ತು ಜನ ಬಿಟ್ಟುಹೋಗಿ ಮೂವತ್ತು ಜನ ಹೊಸದಾಗಿ ಸೇರಿದ್ದರೂ ಅಂಕಿ ಚೆಂದವಾಗಿಯೇ ಕಾಣುತ್ತದೆ. ಅದರ ಬದಲು ಒಂದು ದಿನಾಂಕ ಗಟ್ಟಿಮಾಡಿಕೊಳ್ಳಬೇಕು. 2021ರ ಏಪ್ರಿಲ್ 1ರಂದು ಒಪ್ಪಂದದಲ್ಲಿದ್ದವರ ಪಟ್ಟಿ ತೆಗೆದು, ಅದೇ ಹೆಸರುಗಳಲ್ಲಿ 2025ರ ಮಾರ್ಚ್ 31ಕ್ಕೆ ಯಾರ್ಯಾರು ಉಳಿದಿದ್ದಾರೆ ಎಂದು ಗುರುತು ಹಾಕಬೇಕು. ನಡುವೆ ಬಂದವರನ್ನು ಸೇರಿಸಕೂಡದು. ನಮ್ಮ ಎಂಜಿನಿಯರ್ ಹಾಗೆ ಎಣಿಸಿದಾಗ 31ರಲ್ಲಿ 26 ಹೆಸರು ಉಳಿಯುತ್ತವೆ. ‘ಗಟ್ಟಿಯಾದ ಬಾಂಧವ್ಯ’ ಎಂಬ ಮಾತು ಇನ್ನು ಬೇಕಿಲ್ಲ. ಓದಿದವರು ಅದನ್ನು ತಾವೇ ಅಂದುಕೊಳ್ಳುತ್ತಾರೆ.

ಅಂಕಿಯ ಜೊತೆಗೆ ಒಂದು ಘಟನೆಯೂ ಬೇಕು. ಹೇಗೆ ಕೆಲಸ ಮಾಡುತ್ತಾರೆ ಎಂಬುದು ಅದರಿಂದಲೇ ತಿಳಿಯುವುದು. ಆ ಎಂಜಿನಿಯರ್ ನೆನಪಿನಲ್ಲಿ ಇಂಥದೊಂದಿದೆ. ಒಂದು ಫೌಂಡ್ರಿಯವರು ಗಾಳಿ ಸಾಲುತ್ತಿಲ್ಲ, 50 ಎಚ್‌ಪಿಯ ಇನ್ನೊಂದು ಕಂಪ್ರೆಸರ್ ಬೇಕು, ದರ ಹೇಳಿ ಎಂದು ಕರೆದರು. ಅವರು ದರಪಟ್ಟಿ ಕೊಡುವ ಮೊದಲು ವಾರದ ರಜೆಯ ದಿನ ಬರುತ್ತೇನೆಂದು ಕೇಳಿಕೊಂಡರು. ಅವತ್ತು ಗಾಳಿ ಬಳಸುವ ಯಾವ ಯಂತ್ರವೂ ನಡೆಯುತ್ತಿರಲಿಲ್ಲ. ಇದ್ದ ಕಂಪ್ರೆಸರನ್ನು ಮಾತ್ರ ಚಾಲೂ ಮಾಡಿ, ಕೈಯಲ್ಲಿ ಗಡಿಯಾರ ಹಿಡಿದು ನಿಂತರು. ಲೈನಿನಲ್ಲಿ ಒತ್ತಡ ತುಂಬಿದ ಮೇಲೆ ಕಂಪ್ರೆಸರ್ ಲೋಡ್ ಇಳಿಸಿ ಖಾಲಿ ತಿರುಗುತ್ತದೆ. ಎಲ್ಲೂ ಸೋರದಿದ್ದರೆ ಹಾಗೆಯೇ ಇರಬೇಕು. ಅಲ್ಲಿ ಅದು ನಾಲ್ಕೂವರೆ ನಿಮಿಷ ಖಾಲಿ ತಿರುಗಿ, ಮತ್ತೆ ಒಂದೂವರೆ ನಿಮಿಷ ಲೋಡ್ ಎಳೆಯುತ್ತಿತ್ತು. ಆರು ನಿಮಿಷದಲ್ಲಿ ಒಂದೂವರೆ ನಿಮಿಷ ಎಂದರೆ ಮಷೀನ್ ಕೊಡುವ ಗಾಳಿಯಲ್ಲಿ ಕಾಲುಭಾಗ ಸೋರಿಕೆಗೇ ಹೋಗುತ್ತಿದೆ ಎಂದರ್ಥ. ಹೋಸ್ ಜೋಡಣೆಗಳು, ಸವೆದ ಕಪ್ಲಿಂಗುಗಳು, ಸರಿಯಾಗಿ ಮುಚ್ಚದ ಡ್ರೈನ್ ವಾಲ್ವುಗಳು. ಅವುಗಳನ್ನು ಸರಿಪಡಿಸಿದ ಮೇಲೆ ಹಳೆಯ ಮಷೀನೇ ಸಾಕಾಯಿತು. ಆ ವರ್ಷದ ಮಾರಾಟ ಕೈತಪ್ಪಿತು. ಮುಂದಿನ ವರ್ಷ ಫೌಂಡ್ರಿ ಇನ್ನೊಂದು ಮೋಲ್ಡಿಂಗ್ ಲೈನ್ ಹಾಕಿದಾಗ ಬೇರೆ ಯಾರಿಂದಲೂ ದರ ತರಿಸದೆ ಇವರಿಗೇ ಫೋನ್ ಬಂತು. ‘ಈ ಮನಶ್ಯಾ ಬ್ಯಾಡಾದದ್ದ ಮಾರಂಗಿಲ್ರಿ’ ಎಂದು ಮಾಲೀಕರು ಪಕ್ಕದ ಶೆಡ್ಡಿನವರಿಗೂ ಹೇಳಿದ್ದರು.

ಇಷ್ಟು ಸಾಮಗ್ರಿ ಸಿಕ್ಕಿದ ಮೇಲೆ ಪರಿಚಯ ಹೀಗಾಗುತ್ತದೆ:

‘ಹದಿಮೂರು ವರ್ಷಗಳಿಂದ ಧಾರವಾಡ, ಬೆಳಗಾವಿ, ಗದಗ ಜಿಲ್ಲೆಗಳ ಫೌಂಡ್ರಿ ಮತ್ತು ವರ್ಕ್‌ಶಾಪುಗಳಿಗೆ ಏರ್ ಕಂಪ್ರೆಸರ್ ಮಾರುತ್ತಿದ್ದೇನೆ. ಹೊಸ ಮಷೀನ್ ಕೇಳಿದವರಲ್ಲಿ ಮೊದಲು ಗಾಳಿಯ ಸೋರಿಕೆ ಅಳೆಯುತ್ತೇನೆ. ಒಂದು ಫೌಂಡ್ರಿಯಲ್ಲಿ ಕಾಲುಭಾಗ ಸೋರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಅವರು ಖರೀದಿಯನ್ನು ಒಂದು ವರ್ಷ ಮುಂದೂಡಿದರು, ನಂತರ ನಮ್ಮಲ್ಲೇ ಕೊಂಡರು. 2021ರ ಏಪ್ರಿಲ್‌ನಲ್ಲಿ ಸರ್ವಿಸ್ ಒಪ್ಪಂದದಲ್ಲಿದ್ದ 31 ಗ್ರಾಹಕರಲ್ಲಿ 26 ಮಂದಿ 2025ರ ಮಾರ್ಚ್‌ನಲ್ಲೂ ಮುಂದುವರಿದಿದ್ದರು. ಕಳೆದ ನಾಲ್ಕು ಹಣಕಾಸು ವರ್ಷಗಳಲ್ಲಿ ಮೂರರಲ್ಲಿ ಬಿಲ್ಲಿಂಗ್ ಟಾರ್ಗೆಟ್ ದಾಟಿದ್ದೇನೆ, ಶೇ. 104ರಿಂದ 110ರ ನಡುವೆ.’

ಇದರಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ. ಟಾರ್ಗೆಟ್ ಕೊನೆಗೆ ಬಂದಿರುವುದೂ ಬೇಕೆಂದೇ. ಅಂಕಿ ಮೊದಲು ಬಂದರೆ ಮುಂದಿನದೆಲ್ಲ ಅದರ ಸಮರ್ಥನೆಯಂತೆ ಕೇಳಿಸುತ್ತದೆ. ಕೆಲಸದ ರೀತಿ ಮೊದಲು ಬಂದರೆ ಅಂಕಿ ಅದರ ಫಲವಾಗಿ ಕಾಣುತ್ತದೆ. ಲಿಂಕ್ಡ್‌ಇನ್‌ನಂಥ ಕಡೆ ಆರಂಭದ ಕೆಲವೇ ಸಾಲುಗಳು ಕಾಣಿಸಿ ಉಳಿದದ್ದು ಮಡಚಿಕೊಂಡಿರುತ್ತದೆ. ಹಾಗಾಗಿ ಯಾವ ವಸ್ತು, ಯಾವ ಊರು, ಯಾವ ಥರದ ಗ್ರಾಹಕರು ಎಂಬುದು ಮೊದಲ ವಾಕ್ಯದಲ್ಲೇ ಇರುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ಬರೆಯುವವರಿಗೂ ಇದೇ ಕ್ರಮ ಸಾಕು.

ಆದರೆ ಈ ಬರಹವನ್ನೇ ಫೌಂಡ್ರಿ ಮಾಲೀಕರಿಗೆ ಕಳಿಸುವಂತಿಲ್ಲ. ಕೆಲಸ ಕೊಡುವವರಿಗೆ ಟಾರ್ಗೆಟ್ ಬೇಕು. ಕೊಳ್ಳುವವರಿಗೆ ಅದು ಕಿವಿಯಲ್ಲಿ ಕುಟುಕುತ್ತದೆ. ಟಾರ್ಗೆಟ್ ದಾಟಿದರೆ ಇವರಿಗೆ ಇನ್ಸೆಂಟಿವ್, ಅದು ಬಂದದ್ದು ನನ್ನ ಜೇಬಿನಿಂದ ಎಂದು ಯಾವ ಗಿರಾಕಿಗಾದರೂ ಅನ್ನಿಸುವುದು ಸಹಜ. ಗ್ರಾಹಕರ ಮುಂದೆ ಇಡುವ ಪ್ರತಿಯಲ್ಲಿ ಆ ಕೊನೆಯ ವಾಕ್ಯವನ್ನು ತೆಗೆದು, ಮಷೀನ್ ನಿಂತಾಗ ಯಾರಿಗೆ ಫೋನ್ ಮಾಡಬೇಕು, ಬಿಡಿಭಾಗಗಳು ಎಲ್ಲಿ ಸ್ಟಾಕ್ ಇರುತ್ತವೆ ಎಂದು ಬರೆಯಬೇಕು. 31ರಲ್ಲಿ 26 ಎಂಬ ಸಾಲು ಮಾತ್ರ ಎರಡರಲ್ಲೂ ಇರಲಿ. ಕೆಲಸ ಕೊಡುವವರಿಗೂ ಕೊಳ್ಳುವವರಿಗೂ ಅದು ಒಂದೇ ಮಾತನ್ನು ಹೇಳುತ್ತದೆ.

ಬರೆಯಬಾರದ್ದೂ ಇದೆ. ರೂಪಾಯಿ ಲೆಕ್ಕದ ಮಾರಾಟ ಈಗಿನ ಕಂಪನಿಯ ಒಳಗಿನ ಮಾಹಿತಿ, ಅದಕ್ಕೇ ಪರಿಚಯದಲ್ಲಿ ಶೇಕಡಾವಾರು ಮಾತ್ರ ಉಳಿಯಿತು. ಗ್ರಾಹಕರ ಹೆಸರಂತೂ ಅವರನ್ನು ಕೇಳದೆ ಹಾಕಲೇಬಾರದು. ಹೆಸರು ಬಿಟ್ಟರೂ ಗುರುತು ಉಳಿಯಬಹುದು. ‘ಉದ್ಯಮಬಾಗದಲ್ಲಿ ಕಳೆದ ವರ್ಷ ಹೊಸ ಮೋಲ್ಡಿಂಗ್ ಲೈನ್ ಹಾಕಿದ ಫೌಂಡ್ರಿ’ ಎಂದರೆ ಅಲ್ಲಿಯವರಿಗೆ ಯಾರೆಂದು ಹೊಳೆಯಲು ಹೆಚ್ಚು ಹೊತ್ತು ಬೇಕಿಲ್ಲ, ತಮ್ಮಲ್ಲಿ ಗಾಳಿ ಸೋರುತ್ತಿತ್ತು ಎಂದು ಊರೆಲ್ಲ ತಿಳಿಯುವುದು ಆ ಮಾಲೀಕರಿಗೆ ಹಿಡಿಸದಿರಬಹುದು. ಅದಕ್ಕೇ ಪರಿಚಯದಲ್ಲಿ ಊರು, ಲೈನು ಎರಡೂ ಇಲ್ಲ. ಅಷ್ಟಾದರೂ ಅವರಿಗೊಮ್ಮೆ ಓದಿ ಹೇಳಿ, ಹಾಕಬಹುದೇ ಎಂದು ಕೇಳುವುದು ಮರ್ಯಾದೆ.

ಒತ್ತಡ ಹೇರಿದಂತೆ ಕಾಣಬಾರದೆಂದು ಹೆದರಿ ಪೂರ್ತಿ ಇನ್ನೊಂದು ದಡಕ್ಕೆ ಹೋಗುವವರೂ ಉಂಟು. ‘ಗ್ರಾಹಕರ ತೃಪ್ತಿಯೇ ನನ್ನ ಗುರಿ, ಸೇವೆಯೇ ನನ್ನ ಧರ್ಮ’ ಎಂದು ಬರೆದು ಒಂದು ಅಂಕಿಯನ್ನೂ ಇಡುವುದಿಲ್ಲ. ಇದು ವಿನಯದಂತೆ ಕಂಡರೂ ಕೆಲಸ ಕೊಡುವವರು ಟಾರ್ಗೆಟ್ ಮುಟ್ಟಿಲ್ಲವೇನೋ ಎಂದೇ ಓದಿಕೊಳ್ಳುತ್ತಾರೆ. ಮುಟ್ಟಿದ್ದನ್ನು ಮುಟ್ಟಿದೆ ಎಂದು ನೇರವಾಗಿ ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಮುಟ್ಟದ ವರ್ಷದ ಬಗ್ಗೆ ಸಂದರ್ಶನದಲ್ಲಿ ಪ್ರಶ್ನೆ ಬಂದೇ ಬರುತ್ತದೆ. ‘ನಾಲ್ಕರಲ್ಲಿ ಮೂರು’ ಎಂದು ಬರೆದವರು ಆ ಪ್ರಶ್ನೆಯನ್ನು ತಾವೇ ಕರೆದಿರುತ್ತಾರೆ, ಹಾಗಾಗಿ ಉತ್ತರವೂ ಸಿದ್ಧವಿರಬೇಕು. 2021ರ ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ಕರ್ನಾಟಕದಲ್ಲಿ ಲಾಕ್‌ಡೌನ್ ಇತ್ತು, ಮೊದಲ ತ್ರೈಮಾಸಿಕದಲ್ಲಿ ಕೈತಪ್ಪಿದ್ದನ್ನು ಉಳಿದ ಒಂಬತ್ತು ತಿಂಗಳಲ್ಲಿ ಪೂರ್ತಿ ತುಂಬಿಕೊಳ್ಳಲು ಆಗಲಿಲ್ಲ, ವರ್ಷ ಶೇ. 90ಕ್ಕೆ ನಿಂತಿತು. ನಮ್ಮ ಎಂಜಿನಿಯರ್ ಇಷ್ಟು ಹೇಳಿ ನಿಲ್ಲಿಸಿದರೆ ಸಾಕು. ಮುಂದಿನ ಪ್ರಶ್ನೆ ಬಹುಶಃ ಆ ಬಿಟ್ಟುಹೋದ ಐದು ಗ್ರಾಹಕರ ಬಗ್ಗೆ ಬರುತ್ತದೆ. ಅವರು ಯಾಕೆ ಹೋದರು ಎಂಬುದನ್ನು ಒಬ್ಬೊಬ್ಬರದಾಗಿ ಮೊದಲೇ ಬರೆದಿಟ್ಟುಕೊಂಡಿರಬೇಕು.