ಬಾಕಿ ನಿಂತ ಬಿಲ್ಲು ಮತ್ತು ಅದನ್ನು ವಿಚಾರಿಸುವ ಪತ್ರ

ಕೊಟ್ಟ ಸರಕಿಗೆ ಹಣ ಬರಬೇಕೆಂಬುದು ವ್ಯಾಪಾರದ ಧರ್ಮ. ಆ ಹಣ ಯಾವ ದಿನ ಬರುವುದೆಂಬುದು ವ್ಯಾಪಾರದ ಚಿಂತೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕಡೆಯ ಗೃಹಸ್ಥರಲ್ಲಿ ಈ ಚಿಂತೆಯನ್ನು ಅರಿಯದವರು ವಿರಳ. ಸುಣ್ಣಕಲ್ಲಿನ ಈ ಸೀಮೆಯಲ್ಲಿ ಫರಸಿ ಕಲ್ಲಿನ ಖಣಿಗಳೂ ದೊಡ್ಡ ಸಿಮೆಂಟು ಕಾರಖಾನೆಗಳೂ ಬೆಳೆದಿರುವಂತೆಯೇ, ಅವುಗಳ ಆಶ್ರಯದಲ್ಲಿ ನೂರಾರು ಸಣ್ಣ ಉದ್ಯೋಗಗಳೂ ಬೆಳೆದಿವೆ. ಒಬ್ಬನು ಯಂತ್ರದ ಬಿಡಿಭಾಗ ಮಾಡಿಕೊಡುತ್ತಾನೆ, ಇನ್ನೊಬ್ಬನು ಬೆಸುಗೆಯ ಕೆಲಸ ಹಿಡಿಯುತ್ತಾನೆ, ಮತ್ತೊಬ್ಬನು ಲಾರಿ ಓಡಿಸುತ್ತಾನೆ. ಇವರೆಲ್ಲರೂ ಉದ್ರಿಯ ಮೇಲೆಯೇ ಬದುಕುವವರು. ಬಿಲ್ಲು ತಿಂಗಳುಗಟ್ಟಲೆ ನಿಂತರೆ ಮೊದಲು ಕೆಲಸಗಾರರ ಪಗಾರ ತಡೆಯುತ್ತದೆ. ಆಮೇಲೆ ಮನೆಯ ಬಂಗಾರ ಬ್ಯಾಂಕಿನ ಪೆಟ್ಟಿಗೆಗೆ ಹೋಗುತ್ತದೆ.

ಹಿಂದೆ ವಸೂಲಿಯೆಂದರೆ ವಹಿಯನ್ನು ಕಂಕುಳಲ್ಲಿಟ್ಟುಕೊಂಡು ಸಾವಕಾರನ ಅಂಗಡಿಯ ಮೆಟ್ಟಿಲು ಹತ್ತುವುದಾಗಿತ್ತು. ಈಗ ಸರಕು ಇಳಿಸಿದ ಕಾರಖಾನೆ ನಮ್ಮೂರಿನ ಪಕ್ಕದಲ್ಲಿದ್ದರೂ, ಬಿಲ್ಲು ಪಾವತಿ ಮಾಡುವ ಲೆಕ್ಕಪತ್ರ ವಿಭಾಗವು ಅನೇಕ ವೇಳೆ ದೂರದ ಯಾವುದೋ ಮಹಾನಗರದಲ್ಲಿರುತ್ತದೆ. ಅಲ್ಲಿಯ ಗುಮಾಸ್ತನು ನಮ್ಮ ಮುಖವನ್ನಾಗಲಿ, ನಮ್ಮ ಸರಕನ್ನಾಗಲಿ ಕಂಡವನಲ್ಲ. ಅವನಿಗೂ ನಮಗೂ ನಡುವೆ ಇರುವ ಹಾದಿ ಇ-ಮೇಲ್ ಪತ್ರವೊಂದೇ. ಆ ಪತ್ರವನ್ನು ಹೇಗೆ ಬರೆಯಬೇಕೆಂಬುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ; ಏಕೆಂದರೆ ಸಣ್ಣ ಉದ್ಯೋಗಗಳಲ್ಲಿ ಈ ಬರವಣಿಗೆಯ ಭಾರ ಸಾಮಾನ್ಯವಾಗಿ ಮನೆಯ ಓದಿದ ಮಗನ ಅಥವಾ ಸೊಸೆಯ ಮೇಲೆಯೇ ಬೀಳುವುದು.

ಮೊದಲು ತಿಳಿಯಬೇಕಾದುದು, ಬಿಲ್ಲು ಏಕೆ ನಿಲ್ಲುತ್ತದೆಂಬುದು. ಕೊಳ್ಳುವವನಲ್ಲಿ ಹಣವಿಲ್ಲದೆಯೋ ಮನಸ್ಸಿಲ್ಲದೆಯೋ ನಿಲ್ಲುವುದೂ ಉಂಟು. ಆದರೆ ದೊಡ್ಡ ಕಂಪನಿಗಳಲ್ಲಿ ಕಾಗದಗಳು ಕೂಡದೆ ನಿಲ್ಲುವುದೇ ವಾಡಿಕೆ. ಅಲ್ಲಿ ಒಂದು ಬಿಲ್ಲು ಪಾವತಿಯಾಗಬೇಕಾದರೆ ಮೂರು ಕಾಗದಗಳು ಒಂದಕ್ಕೊಂದು ತಾಳೆಯಾಗಬೇಕು. ಒಂದನೆಯದು ಖರೀದಿ ಆದೇಶ. ಎರಡನೆಯದು, ಸರಕು ತಲುಪಿತೆಂದು ಕಾರಖಾನೆಯ ಸ್ಟೋರಿನವರು ಬರೆಯುವ ಸ್ವೀಕೃತಿ ಪತ್ರ. ಮೂರನೆಯದು ನಮ್ಮ ಬಿಲ್ಲು. ಆದೇಶದ ದರವೂ, ಸ್ವೀಕೃತಿಯ ಪರಿಮಾಣವೂ, ಬಿಲ್ಲಿನ ಮೊತ್ತವೂ ಒಂದೇ ಆಗಿದ್ದರೆ ಗಣಕಯಂತ್ರವು ಬಿಲ್ಲನ್ನು ಮುಂದಕ್ಕೆ ಬಿಡುತ್ತದೆ. ಒಂದರಲ್ಲಿ ವ್ಯತ್ಯಾಸ ಕಂಡರೂ ತಡೆ ಹಾಕುತ್ತದೆ. ಈ ತಡೆಯ ಸುದ್ದಿಯನ್ನು ನಮಗೆ ತಿಳಿಸುವ ಹೊಣೆ ಅನೇಕ ಕಡೆ ಯಾರ ಮೇಲೂ ಇರುವುದಿಲ್ಲ. ಗುಮಾಸ್ತನು ಸ್ಟೋರಿನವರು ಸರಿಪಡಿಸಲೆಂದು ಕಾಯುತ್ತಾನೆ. ಸ್ಟೋರಿನವರು ಬಿಲ್ಲು ಎಂದೋ ಪಾವತಿಯಾಯಿತೆಂದು ತಿಳಿದಿರುತ್ತಾರೆ. ನಾವು ಇಬ್ಬರನ್ನೂ ನಂಬಿ ಕುಳಿತಿರುತ್ತೇವೆ.

ಆದುದರಿಂದ "ದಯವಿಟ್ಟು ನಮ್ಮ ಹಣ ಬೇಗ ಕಳುಹಿಸಿರಿ" ಎಂದು ಬರೆದ ಪತ್ರಕ್ಕೆ ಉತ್ತರ ಬಾರದಿರುವುದು ಸೋಜಿಗವಲ್ಲ. ಅದನ್ನು ಓದಿದ ಗುಮಾಸ್ತನಿಗೆ ಹುಡುಕಲು ಯಾವ ಅಂಕಿಯೂ ಸಿಕ್ಕಲಿಲ್ಲ. ಹಣವನ್ನು ಬೇಡುವ ಪತ್ರಕ್ಕಿಂತ, ಬಿಲ್ಲು ಯಾವ ಮೇಜಿನ ಮೇಲೆ ನಿಂತಿದೆಯೆಂದು ಕೇಳುವ ಪತ್ರವೇ ಹೆಚ್ಚು ಕೆಲಸ ಮಾಡುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಾಡಿಯ ಒಬ್ಬ ಸಣ್ಣ ಕಾರ್ಯಾಗಾರದವನು ಕಲ್ಲು ಸಾಗಿಸುವ ಪಟ್ಟಿಯ ಕೆಳಗೆ ತಿರುಗುವ ರೋಲರುಗಳನ್ನು ಮಾಡಿ ಒಂದು ಕಾರಖಾನೆಗೆ ಕೊಟ್ಟನೆನ್ನಿ. ರೋಲರುಗಳು 120, ಒಂದಕ್ಕೆ 1,500 ರೂಪಾಯಿಯಂತೆ 1,80,000, ಶೇಕಡಾ 18ರ ಜಿಎಸ್‌ಟಿ 32,400, ಒಟ್ಟು 2,12,400 ರೂಪಾಯಿ. ಸರಕು ತಲುಪಿದುದೂ ಬಿಲ್ಲಿನ ತಾರೀಖೂ 2025ರ ಜುಲೈ 7. ಆದೇಶದಲ್ಲಿ 45 ದಿನಗಳ ವಾಯಿದೆ ಇದ್ದುದರಿಂದ ಆಗಸ್ಟ್ 21ಕ್ಕೆ ಹಣ ಬರಬೇಕಾಗಿತ್ತು. ನವೆಂಬರ್ 10 ಬಂದರೂ ಸುದ್ದಿಯಿಲ್ಲ. ಆಗ ಅವನ ಮನೆಯವರು ಬರೆಯಬೇಕಾದ ಪತ್ರ ಹೀಗಿರಲಿ:

"ವಿಷಯ: ಬಿಲ್ಲು ಸಂಖ್ಯೆ 41, ತಾ. 7-7-2025, ರೂ. 2,12,400, ಖರೀದಿ ಆದೇಶ ಸಂಖ್ಯೆ 5507 – ಸದ್ಯದ ಸ್ಥಿತಿ ತಿಳಿಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ಆದೇಶದ ಪ್ರಕಾರ 120 ರೋಲರುಗಳನ್ನು 7-7-2025ರಂದು ತಮ್ಮ ಸ್ಟೋರಿಗೆ ಒಪ್ಪಿಸಿದ್ದೇವೆ. ಗೇಟಿನ ನೋಂದಣಿ ಸಂಖ್ಯೆ 318. ತಮ್ಮಲ್ಲಿ ನಮ್ಮ ಸರಬರಾಜುದಾರರ ಸಂಖ್ಯೆ 2084. ವಾಯಿದೆ 21-8-2025ಕ್ಕೆ ಮುಗಿದಿದೆ. ಸರಕಿನ ಬಗ್ಗೆ ಯಾವ ಆಕ್ಷೇಪಣೆಯೂ ಬರಹದಲ್ಲಿ ನಮಗೆ ಬಂದಿಲ್ಲ. ದಯವಿಟ್ಟು ಈ ಮೂರನ್ನು ತಿಳಿಸಬೇಕು: 1. ಬಿಲ್ಲು ತಮ್ಮಲ್ಲಿ ದಾಖಲಾಗಿದೆಯೇ, ಯಾವ ತಾರೀಖಿನಂದು? 2. ತಡೆಯಿದ್ದರೆ ಅದರ ಕಾರಣವೇನು, ತೆಗೆಯಬೇಕಾದವರು ಯಾರು? 3. ಪಾವತಿಯ ತಾರೀಖು ಯಾವುದು? ಬಿಲ್ಲು, ಆದೇಶ, ಮುದ್ರೆಯೊತ್ತಿದ ಚಲನ್ ಇವುಗಳ ಪ್ರತಿಗಳನ್ನು ಲಗತ್ತಿಸಿದ್ದೇವೆ. 17-11-2025ರೊಳಗೆ ಉತ್ತರವನ್ನು ನಿರೀಕ್ಷಿಸುತ್ತೇವೆ."

ಇಲ್ಲಿ ಕೋಪವಿಲ್ಲ, ಕಷ್ಟಗಳ ವರ್ಣನೆಯಿಲ್ಲ. ಗುಮಾಸ್ತನು ಹುಡುಕಬೇಕಾದ ಅಂಕಿಗಳು ವಿಷಯದ ಸಾಲಿನಲ್ಲಿಯೇ ಇವೆ. ಒಂದು ಪತ್ರದಲ್ಲಿ ಒಂದೇ ಬಿಲ್ಲನ್ನು ವಿಚಾರಿಸಬೇಕು. ಐದು ಬಿಲ್ಲುಗಳನ್ನು ಕೂಡಿಸಿದರೆ ಸುಲಭವಾದ ಒಂದಕ್ಕೆ ಉತ್ತರ ಬಂದು ಉಳಿದವು ಮರೆಯಾಗುವುವು. ಎರಡನೆಯ ಸಲ ಬರೆಯುವಾಗ ಹೊಸ ಪತ್ರವನ್ನು ಆರಂಭಿಸದೆ ಹಳೆಯದರ ಮೇಲೆಯೇ ಮುಂದುವರಿಸಬೇಕು; ಆಗ ಎಷ್ಟು ಸಲ ಕೇಳಿದೆವೆಂಬುದಕ್ಕೆ ಅದೇ ಸಾಕ್ಷಿಯಾಗುವುದು. ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಮಾತನ್ನು ಮಾತ್ರ ಇಂಥ ಪತ್ರದಲ್ಲಿ ಎತ್ತಲೇಬಾರದು. ಖಾತೆ ಬದಲಿಸುವ ನೆಪದಲ್ಲಿ ಮೋಸಗಳು ನಡೆದಿರುವುದರಿಂದ, ಆ ಮಾತು ಕಂಡ ಕೂಡಲೇ ಲೆಕ್ಕದವರು ಎಲ್ಲವನ್ನೂ ನಿಲ್ಲಿಸಿ ಪರಿಶೀಲನೆಗೆ ತೊಡಗುವರು.

ಉತ್ತರ ಬಂದಿತೆನ್ನಿ: "ಪರಿಮಾಣದಲ್ಲಿ ವ್ಯತ್ಯಾಸವಿರುವುದರಿಂದ ತಡೆಯಲಾಗಿದೆ, ಸ್ವೀಕೃತಿ 118." ಅಂದರೆ ಎರಡು ರೋಲರುಗಳನ್ನು ಪರೀಕ್ಷೆಯಲ್ಲಿ ಬದಿಗಿಟ್ಟು, ಆ ಸಂಗತಿಯನ್ನು ಯಾರೂ ತಿಳಿಸಲಿಲ್ಲ. ಎರಡು ರೋಲರುಗಳಿಗಾಗಿ ಎರಡು ಲಕ್ಷ ರೂಪಾಯಿ ನಾಲ್ಕು ತಿಂಗಳು ನಿಂತಿತು! ಈಗ ಹಾದಿಗಳು ಎರಡು. ಗೇಟಿನಲ್ಲಿ 120 ಎಂದು ಮುದ್ರೆಯೊತ್ತಿದ ಚಲನನ್ನು ತೋರಿಸಿ ಸ್ಟೋರಿನವರಿಂದ ಸ್ವೀಕೃತಿಯನ್ನು ತಿದ್ದಿಸುವುದು ಒಂದು. ದೋಷವಿರುವುದು ನಿಜವಾದರೆ 3,000 ರೂಪಾಯಿಗೂ ಅದರ ತೆರಿಗೆ 540ಕ್ಕೂ ಕ್ರೆಡಿಟ್ ನೋಟ್ ಬರೆದು, ಉಳಿದ 2,08,860 ರೂಪಾಯಿಯನ್ನು ಬಿಡಿಸಿಕೊಳ್ಳುವುದು ಇನ್ನೊಂದು. ತಕರಾರಿಗಿಂತ ಎರಡನೆಯದು ಅನೇಕ ವೇಳೆ ಅಗ್ಗ.

ತಡೆಯ ಕಾರಣ ಕೆಲವು ವೇಳೆ ನಮ್ಮ ಕಡೆಯಲ್ಲಿಯೇ ಇರುತ್ತದೆ. ನಾವು ಜಿಎಸ್‌ಟಿಆರ್-1 ಎಂಬ ವಿವರಪಟ್ಟಿಯಲ್ಲಿ ಬಿಲ್ಲನ್ನು ತೋರಿಸದಿದ್ದರೆ, ಅದು ಕೊಳ್ಳುವವನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾಣದೆ ಅವನಿಗೆ ತೆರಿಗೆಯ ಜಮೆ ಸಿಕ್ಕುವುದಿಲ್ಲ. ಪತ್ರ ಬರೆಯುವ ಮೊದಲು ಇದನ್ನು ನೋಡಿಕೊಂಡಿರಬೇಕು. ಇದೇ ತೆರಿಗೆಯ ಕಾನೂನಿನಲ್ಲಿ ನಮಗೆ ಅನುಕೂಲವಾದ ಒಂದು ನಿಯಮವೂ ಇದೆ. ಬಿಲ್ಲಿನ ತಾರೀಖಿನಿಂದ 180 ದಿನಗಳೊಳಗೆ ಹಣ ಕೊಡದ ಕೊಳ್ಳುವವನು, ತಾನು ಪಡೆದ ತೆರಿಗೆಯ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕು; ಹಣ ಕೊಟ್ಟ ಮೇಲೆ ಅದನ್ನು ಮರಳಿ ಪಡೆಯಬಹುದು. ನಮ್ಮ ಉದಾಹರಣೆಯಲ್ಲಿ ಆ ಗಡುವು 2026ರ ಜನವರಿ 3. ಎರಡನೆಯ ಪತ್ರದಲ್ಲಿ ಈ ತಾರೀಖನ್ನು ಒಂದೇ ಸಾಲಿನಲ್ಲಿ ನೆನಪಿಸಿದರೆ ಸಾಕು. ಲೆಕ್ಕದವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತು.

ಎರಡು ಪತ್ರಗಳಿಗೂ ಉತ್ತರ ಬಾರದಿದ್ದರೆ, ಮೂರನೆಯದನ್ನು ಹಣಕಾಸಿನ ಮೇಲಧಿಕಾರಿಗೆ ಬರೆದು, ಖರೀದಿ ವಿಭಾಗಕ್ಕೂ ಪ್ರತಿ ಕಳುಹಿಸಬೇಕು. ಕಾಯಿದೆಯ ಹೆಸರನ್ನು ಹೇಳುವ ಸಮಯ ಇದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಬರಹದ ಒಪ್ಪಂದವಿದ್ದರೂ 45 ದಿನ ಮೀರದೆ ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ಸರಕು ತಲುಪಿದ 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪಣೆ ಮಾಡದಿದ್ದರೆ, ತಲುಪಿದ ದಿನವೇ ಒಪ್ಪಿದಂತೆ ಲೆಕ್ಕ. ನಮ್ಮ ಮೊದಲ ಪತ್ರದಲ್ಲಿ ಆಕ್ಷೇಪಣೆ ಬಂದಿಲ್ಲವೆಂಬ ವಾಕ್ಯವನ್ನು ಸೇರಿಸಿದುದು ಇದಕ್ಕಾಗಿಯೇ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಸಲ್ಲಬೇಕು. 2025ರ ಜೂನಿನಲ್ಲಿ ನಿಗದಿಯಾದ ದರ ಶೇಕಡಾ 5.75, ಮೂರು ಪಟ್ಟೆಂದರೆ 17.25. ನಮ್ಮ ಉದಾಹರಣೆಯ 2,08,860 ರೂಪಾಯಿಗೆ ಮೊದಲ ತಿಂಗಳ ಬಡ್ಡಿಯೇ ಸುಮಾರು 3,000 ರೂಪಾಯಿ.

ಈ ರಕ್ಷಣೆಗೆ ಮಿತಿಗಳೂ ಉಂಟು. ಉದ್ಯಮ್ ನೋಂದಣಿಯನ್ನು ಸರಕು ಕೊಡುವ ಮೊದಲೇ ಮಾಡಿಸಿಕೊಂಡಿರುವುದು ಕ್ಷೇಮ. ತಡವಾಗಿ ಮಾಡಿಸಿದವರ ವಿಷಯದಲ್ಲಿ ನ್ಯಾಯಾಲಯಗಳಲ್ಲಿ ವಿವಾದ ಎದ್ದಿದೆ. ತಾನು ತಯಾರಿಸದೆ ಬರಿದೆ ಕೊಂಡು ಮಾರುವ ವ್ಯಾಪಾರಿಗೆ ನೋಂದಣಿ ದೊರೆತರೂ ಈ ಬಡ್ಡಿಯ ಸೌಲಭ್ಯ ದೊರೆಯದು. ಫರಸಿಯನ್ನು ತನ್ನ ಖಣಿಯಿಂದ ತೆಗೆದು ಕೊಯ್ದು ಕೊಡುವವನಿಗೂ, ಬೇರೆಯವರಿಂದ ಕೊಂಡು ಮಾರುವವನಿಗೂ ಇಲ್ಲಿ ಭೇದ ಬೀಳುತ್ತದೆ. ಕಡೆಯ ಹಾದಿಯೆಂದರೆ ರಾಜ್ಯದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ದೂರು ಕೊಡುವುದು. ಮಂಡಳಿಯು ಮೊದಲು ರಾಜಿಗೆ ಯತ್ನಿಸಿ, ಆಗದಿದ್ದರೆ ಪಂಚಾಯಿತಿಯ ಮೂಲಕ ತೀರ್ಮಾನಿಸುತ್ತದೆ. ಆ ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಕೊಳ್ಳುವವನು ಮೊತ್ತದ ಶೇಕಡಾ 75ನ್ನು ಮುಂಚಿತವಾಗಿ ಠೇವಣಿಯಿಡಬೇಕು. ಆದರೆ ಇಷ್ಟು ದೂರ ಹೋದವನಿಗೆ ಆ ಗಿರಾಕಿಯ ಮುಂದಿನ ಆದೇಶ ಸಿಕ್ಕುವುದೆಂಬ ಭರವಸೆಯಿಲ್ಲ. ಒಂದೇ ಕಾರಖಾನೆಯನ್ನು ನಂಬಿದವರು ದೂರು ಕೊಡಲು ಹಿಂಜರಿಯುವುದು ಇದರಿಂದಲೇ. ಅವರಿಗೆ ಮೊದಲ ಎರಡು ಪತ್ರಗಳೇ ಮುಖ್ಯವಾಗುವುವು.

ಹಳೆಯ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕೆಂಬ ಕಾಲಮಿತಿಯಿದೆ. ಆ ಅವಧಿಯೊಳಗೆ ಕೊಳ್ಳುವವನು ಬಾಕಿಯನ್ನು ಬರಹದಲ್ಲಿ ಒಪ್ಪಿಕೊಂಡರೆ, ಒಪ್ಪಿದ ದಿನದಿಂದ ಅವಧಿಯನ್ನು ಹೊಸದಾಗಿ ಎಣಿಸಬಹುದು. ಆದುದರಿಂದ "ತಮ್ಮ ಬಿಲ್ಲಿನ 2,08,860 ರೂಪಾಯಿ ನಮ್ಮಿಂದ ಸಲ್ಲಬೇಕಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂದರೂ ಅದನ್ನು ಅಳಿಸದೆ, ಮುದ್ರಿಸಿ, ಚಲನಿನ ಜೊತೆಯಲ್ಲಿ ಕಟ್ಟಿಡಬೇಕು.